ಪದಚರ್ಚೆ: ಫಾರೆಕ್ಸ್ ಖಾತೆಯ ‘ಸ್ವಾಪ್’ಗೆ ಕನ್ನಡದಲ್ಲಿ ಏನಂತ ಬರೆಯೋಣ?

ತುಮಕೂರಿನಿಂದ

ಎಲ್ಲರಿಗೂ ನಮಸ್ಕಾರ. ನನಗೊಂದು ಪದ ಬೇಕಾಗಿದೆ. ಇದು ಬಂದಿದ್ದು ಒಬ್ಬ ಅಪ್ಪನ ಪ್ರಶ್ನೆಯಿಂದ, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ನಮ್ಮ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟಿರುವವರ ಮಗ ದುಬೈನಲ್ಲಿ ಕೆಲಸಕ್ಕಿದ್ದಾನೆ. ಅಲ್ಲೇ ಒಬ್ಬ ಬ್ರೋಕರ್ ಹತ್ತಿರ ಖಾತೆ ತೆರೆದು ಡಾಲರ್-ಯೆನ್ ವ್ಯವಹಾರ ಮಾಡಿದ್ದ. ಯೆನ್ ಬೆಲೆ ಏರುತ್ತೆ ಅನ್ನೋದು ಅವನ ಲೆಕ್ಕ. 2024ರ ಜನವರಿ 22ರಂದು, ಡಾಲರಿಗೆ 148 ಯೆನ್ ಇದ್ದಾಗ, 20,000 ಡಾಲರ್ ಮಾರಿದ. ಖಾತೆಯಲ್ಲಿ ಅದಕ್ಕೆ ಅಡವಾಗಿ ಹಿಡಿದುಕೊಂಡಿದ್ದು 200 ಡಾಲರ್ ಮಾತ್ರ. ಮಾರ್ಚ್ 11ಕ್ಕೆ 147ರಲ್ಲಿ ವ್ಯವಹಾರ ಮುಗಿಸಿದ. ಅವನ ಊಹೆ ಸರಿಯಾಗಿಯೇ ಇತ್ತು. ಡಾಲರಿಗೆ ಒಂದು ಯೆನ್‌ನಂತೆ 20,000 ಯೆನ್, ಅಂದರೆ ಸುಮಾರು 136 ಡಾಲರ್ ಲಾಭ. ಆದರೆ ಖಾತೆಯಲ್ಲಿ ಹಣ ಹೆಚ್ಚುವ ಬದಲು ಕಡಿಮೆಯಾಗಿತ್ತು!

ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದುಕೊಂಡು ಅಪ್ಪ ನನ್ನ ಹತ್ತಿರ ಬಂದರು. Swap ಅನ್ನೋ ಹೆಸರಿನಲ್ಲಿ ದಿನಾ 3.50 ಡಾಲರ್ ಕಡಿತ. ವಾರಕ್ಕೊಂದು ಸಲ 10.50. ಎಲ್ಲಾ ಕೂಡಿದರೆ 171.50. ಆ 10.50 ಇರುವ ಸಾಲುಗಳಿಗೆಲ್ಲ ಅವರು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಕೊಂಡಿದ್ದರು. ಎಲ್ಲವೂ ಗುರುವಾರ, ಹೊತ್ತು 00:00. ಅವರು ಕೇಳಿದ್ದು ಇಷ್ಟು: “ಸಾಲ ಮಾಡಿಲ್ಲ ಅಂತಾನೆ ನನ್ನ ಮಗ. ಹಾಗಾದ್ರೆ ದಿನಾ ಈ ಮೂರೂವರೆ ಡಾಲರ್ ಯಾತಕ್ಕೆ?”

ನಾನು ‘ವಿನಿಮಯ ಶುಲ್ಕ’ ಅಂದೆ. ಅವರಿಗೆ ಏನೂ ತಿಳಿಯಲಿಲ್ಲ. ನಿಜ ಹೇಳಬೇಕಂದ್ರೆ ನನಗೂ ತಿಳಿದಿರಲಿಲ್ಲ. ‘ರಾತ್ರಿ ಬಡ್ಡಿ’ ಅನ್ನಬಹುದಾ? ಈ ಸ್ಟೇಟ್‌ಮೆಂಟನ್ನು ಅವರಿಗೆ ಕನ್ನಡದಲ್ಲಿ ಬರೆದು ಕೊಡ್ತೀನಿ ಅಂತ ಒಪ್ಪಿಕೊಂಡಿದ್ದೇನೆ.

ಚಿಕ್ಕಬಳ್ಳಾಪುರದಿಂದ

ಇದಕ್ಕೆ ರೋಲ್‌ಓವರ್ ಅಂತಲೂ ಹೇಳ್ತಾರೆ ಸರ್. ನಾನು ಎನ್‌ಎಸ್‌ಇಯಲ್ಲಿ ಫ್ಯೂಚರ್ಸ್ ಮಾಡ್ತೀನಿ. ತಿಂಗಳ ಕಾಂಟ್ರಾಕ್ಟ್ ಮುಗಿಯುವ ಹೊತ್ತಿಗೆ ಅದನ್ನು ಬಿಟ್ಟು ಮುಂದಿನ ತಿಂಗಳದ್ದು ತಗೊಳ್ಳೋದೇ ರೋಲ್‌ಓವರ್. ‘ಮುಂದಿನ ತಿಂಗಳಿಗೆ ದಾಟಿಸುವುದು’ ಅಂತ ಬರೆಯಿರಿ, ಸಾಕು. ಆದರೆ ದಿನಾ ಕಡಿತ ಅಂತ ನಾನೆಲ್ಲೂ ನೋಡಿಲ್ಲ. ಆ ಬ್ರೋಕರ್ ಏನೋ ತಪ್ಪು ಲೆಕ್ಕ ಹಾಕಿರಬೇಕು. ಹುಡುಗ ದೂರು ಕೊಡಲಿ.

ತುಮಕೂರು, ಮಂಡಿಪೇಟೆಯಿಂದ

ಪದ ನಮ್ಮ ವ್ಯಾಪಾರದಲ್ಲೇ ಇದೆ. ನಾವು ಹುಣಸೆಹಣ್ಣನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡ್ತೀವಿ. ಬೆಲೆ ಬರಲಿ ಅಂತ ಕಾಯ್ತಾ ಕೂತಷ್ಟೂ ಬಾಡಿಗೆ ಏರುತ್ತೆ. ಬೆಲೆ ಎರಡು ರೂಪಾಯಿ ಏರಿದರೂ ಬಾಡಿಗೆ ಮೂರು ರೂಪಾಯಿ ತಿಂದಿದ್ದರೆ ನಷ್ಟವೇ. ಆ ಹುಡುಗನಿಗೆ ಆಗಿರೋದೂ ಇದೇ ಅಲ್ವಾ? ‘ಇಟ್ಟ ಬಾಡಿಗೆ’ ಅಂದರೆ ಅಂಗಡಿಯವರಿಗೆ ತಕ್ಷಣ ತಿಳಿಯುತ್ತೆ.

ಕೋಲಾರದಿಂದ

ನಾನು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿದ್ದು ನಿವೃತ್ತನಾದವನು. ‘ಬಾಡಿಗೆ’ ಹತ್ತಿರ ಬರುತ್ತದೆ. ಆದರೆ ಒಂದು ಕಡೆ ಎಡವುತ್ತದೆ, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಅಪ್ಪನ ಪ್ರಶ್ನೆ. ಹುಡುಗ ಸಾಲ ಮಾಡಿದ್ದಾನೆ. ಸಾಲ ಅನ್ನೋ ಮಾತು ಎಲ್ಲೂ ಕಾಣಿಸದೇ ಇದ್ದದ್ದರಿಂದ ಅವನಿಗೇ ಅದು ಗೊತ್ತಾಗಿಲ್ಲ.

ಅವನು ಮಾರಿದ 20,000 ಡಾಲರ್ ಅವನದಲ್ಲ. ತನ್ನದಲ್ಲದ್ದನ್ನು ಮಾರಬೇಕಾದರೆ ಯಾರಿಂದಲೋ ತಂದಿರಲೇಬೇಕು. ಹಾಗೆ ಡಾಲರ್ ಸಾಲ ತಂದು, ಮಾರಿ, ಬಂದ ಯೆನ್ ಇಟ್ಟುಕೊಂಡು ಕೂತ ಅಂತ ತಿಳಿಯಿರಿ. ಆ ತಿಂಗಳುಗಳಲ್ಲಿ ಅಮೆರಿಕದ ಫೆಡರಲ್ ರಿಸರ್ವಿನ ದರ ಶೇಕಡಾ 5.25ರಿಂದ 5.50. ಜಪಾನಿನದು ಸೊನ್ನೆಗಿಂತ ಕೆಳಗೆ, ಮೈನಸ್ 0.1. ಅದನ್ನು ಅವರು ಎತ್ತಿದ್ದು ಮಾರ್ಚ್ 19ಕ್ಕೆ, ನಿಮ್ಮ ಹುಡುಗ ಹೊರಬಂದ ಮೇಲೆ. ಅಂದರೆ ತಂದ ಹಣಕ್ಕೆ ಸುಮಾರು ಶೇಕಡಾ 5.4 ಬಡ್ಡಿ ತೆರಬೇಕು, ಕೈಯಲ್ಲಿರುವ ಹಣಕ್ಕೆ ಏನೂ ಬರುವುದಿಲ್ಲ. 20,000ಕ್ಕೆ ಶೇಕಡಾ 5.4 ಅಂದರೆ ವರ್ಷಕ್ಕೆ 1,080 ಡಾಲರ್. ಡಾಲರ್ ಬಡ್ಡಿಗೆ ವರ್ಷವನ್ನು 360 ದಿನ ಅಂತ ಹಿಡಿಯುವುದು ವಾಡಿಕೆ. ದಿನಕ್ಕೆ 3 ಡಾಲರ್ ಆಯಿತು. ಅವನಿಂದ ತೆಗೆದುಕೊಂಡಿದ್ದು ಮೂರೂವರೆ. ಮೇಲಿನ ಅರ್ಧ ಡಾಲರ್ ಬ್ರೋಕರ್ ಇಟ್ಟುಕೊಂಡ ಪಾಲು.

ಈಗ ‘ಸ್ವಾಪ್’ ಎಲ್ಲಿಂದ ಬಂತು ನೋಡಿ. ಇವತ್ತು ಮಾಡಿದ ಡಾಲರ್-ಯೆನ್ ವ್ಯವಹಾರದ ತೀರುವಳಿ ಎರಡು ಕೆಲಸದ ದಿನ ಬಿಟ್ಟು ಆಗಬೇಕು. ಆ ದಿನ ನಿಜವಾಗಿ ಡಾಲರ್ ಕೊಟ್ಟು ಯೆನ್ ತರುವ ಇಷ್ಟ ಇಂಥವರಿಗೆ ಇರುವುದಿಲ್ಲ. ಅದಕ್ಕೆ ನ್ಯೂಯಾರ್ಕಿನ ಸಂಜೆ ಐದು ಗಂಟೆಗೆ ತೀರುವಳಿಯನ್ನು ಒಂದು ದಿನ ಮುಂದಕ್ಕೆ ತಳ್ಳುತ್ತಾರೆ. ತಳ್ಳುವುದು ಹೇಗೆ? ಬೇಗ ಬರುವ ತಾರೀಕಿಗೆ ಡಾಲರ್ ಕೊಂಡು, ಅದರ ಮರುದಿನಕ್ಕೆ ಮತ್ತೆ ಮಾರಿ. ಒಂದೇ ಏಟಿಗೆ ಎರಡು ವ್ಯವಹಾರ. ಆ ಜೋಡಿಗೆ ನಾವು ಸ್ವಾಪ್ ಅನ್ನುತ್ತಿದ್ದೆವು. ಎರಡು ಬೆಲೆಗಳ ನಡುವಿನ ವ್ಯತ್ಯಾಸದಲ್ಲಿ ಒಂದು ದಿನದ ಬಡ್ಡಿ ಅಡಗಿರುತ್ತದೆ. ‘ಅದಲು ಬದಲು’ ಅನ್ನುವುದು ಆ ಕೆಲಸದ ಹೆಸರು. ಕಡಿತವಾಗಿದ್ದು ಬಡ್ಡಿ.

ಕೆಂಪು ಸುತ್ತಿನ ವಿಷಯ. ಬುಧವಾರ ಸಂಜೆ ತಳ್ಳುವಾಗ ತೀರುವಳಿ ಶುಕ್ರವಾರದಿಂದ ನೇರ ಸೋಮವಾರಕ್ಕೆ ಹೋಗುತ್ತದೆ. ಶನಿವಾರ, ಭಾನುವಾರ ಬ್ಯಾಂಕ್ ಇಲ್ಲ, ಆದರೆ ಬಡ್ಡಿಗೆ ರಜೆ ಇಲ್ಲವಲ್ಲ. ಮೂರು ದಿನದ್ದು ಒಟ್ಟಿಗೆ ಬೀಳುತ್ತದೆ. ಅವರ ಹಾಳೆಯಲ್ಲಿ ಗುರುವಾರ ಕಾಣುವುದಕ್ಕೆ ಕಾರಣ ಗಡಿಯಾರ. ನ್ಯೂಯಾರ್ಕಿನ ಐದು ಗಂಟೆ ಮಧ್ಯರಾತ್ರಿ ಆಗುವಂತೆ ಎಷ್ಟೋ ಬ್ರೋಕರುಗಳು ಸರ್ವರ್ ಹೊತ್ತನ್ನು ಇಟ್ಟಿರುತ್ತಾರೆ. ಆ ಚಳಿಗಾಲದಲ್ಲಿ ನಮ್ಮ ಗಡಿಯಾರದಲ್ಲಿ ಅದು ಬೆಳಗಿನ ಜಾವ ಮೂರೂವರೆ. ಏಳು ವಾರಕ್ಕೆ 49 ದಿನ, ದಿನಕ್ಕೆ ಮೂರೂವರೆ, 171.50. ಲೆಕ್ಕ ತಪ್ಪಿಲ್ಲ. ದೂರು ಕೊಡುವಂಥದ್ದು ನನಗೆ ಕಾಣುತ್ತಿಲ್ಲ.

ಬಾಡಿಗೆ ಎಡವುವುದು ಇಲ್ಲಿ. ಹುಡುಗ ಡಾಲರ್ ಮಾರುವ ಬದಲು ಕೊಂಡಿದ್ದರೆ, ಅದೇ ಸ್ವಾಪ್ ಕಾಲಂನಲ್ಲಿ ದಿನಾ ಎರಡೂವರೆ ಡಾಲರಿನಷ್ಟು ಜಮಾ ಆಗುತ್ತಿತ್ತು. ಅಲ್ಲೂ ಬ್ರೋಕರ್ ಅರ್ಧ ಡಾಲರ್ ಹಿಡಿದುಕೊಳ್ಳುತ್ತಾನೆ ಅಂತಿಟ್ಟುಕೊಳ್ಳಿ. ನೀವು ಹುಣಸೆಹಣ್ಣು ಇಟ್ಟಿದ್ದಕ್ಕೆ ಕೋಲ್ಡ್ ಸ್ಟೋರೇಜಿನವರು ನಿಮಗೇ ಬಾಡಿಗೆ ಕೊಟ್ಟಿದ್ದುಂಟೇ?

ಚಿಕ್ಕಬಳ್ಳಾಪುರದವರು ಹೇಳಿದ ಫ್ಯೂಚರ್ಸ್‌ನಲ್ಲಿ ಈ ಕಡಿತ ಕಾಣುವುದಿಲ್ಲ, ನಿಜ. ಅಲ್ಲಿ ಬಡ್ಡಿ ಬೆಲೆಯೊಳಗೇ ಸೇರಿರುತ್ತದೆ. ಮುಂದಿನ ತಿಂಗಳ ಬೆಲೆ ಈ ತಿಂಗಳದ್ದಕ್ಕಿಂತ ಬೇರೆ ಇರುತ್ತದಲ್ಲ, ಅದರಲ್ಲಿ.

ಬಾಗೇಪಲ್ಲಿಯಿಂದ

ಪದದ ಬಗ್ಗೆ ಒಂದು ಮಾತು. ನಮ್ಮ ಕಡೆ ತೆಲುಗಿನಲ್ಲಿ ಕೈಗಡಕ್ಕೆ ‘ಚೇಬದುಲು’ ಅಂತಾರೆ. ‘ಚೇ’ ಅಂದರೆ ಕೈ, ‘ಬದುಲು’ ನಮ್ಮ ಬದಲೇ. ಬದಲು ಮತ್ತು ಸಾಲ ಒಂದೇ ಮಾತಿನೊಳಗೆ ಕೂತಿವೆ. ಮೇಲೆ ಹೇಳಿದ ಸ್ವಾಪ್ ಕೂಡ ಹಾಗೇ ಅನ್ನಿಸಿತು. ಅದರ ಮೇಲೆ ಒಂದು ಕನ್ನಡ ಪದ ಕಟ್ಟಬಹುದಾ? ಒಂದೇ ತೊಂದರೆ, ಚೇಬದುಲಿಗೆ ನಮ್ಮಲ್ಲಿ ಬಡ್ಡಿ ತಗೊಳ್ಳಲ್ಲ.

ಶಿಡ್ಲಘಟ್ಟದಿಂದ

ನನ್ನದೂ ಇದೇ ಕಥೆ. ನಾನು ಮಾಡಿದ್ದು ಇಲ್ಲಿಂದಲೇ, ಮೊಬೈಲ್ ಆ್ಯಪ್‌ನಲ್ಲಿ. ನೂರು ಡಾಲರ್ ಅಡವಿಗೆ ದಿನಾ ಒಂದೂಮುಕ್ಕಾಲು ಹೋಗ್ತಿತ್ತು. ನೂರಕ್ಕೆ ದಿನಕ್ಕೆ ಒಂದೂಮುಕ್ಕಾಲು ಅಂದ್ರೆ ಮೀಟರ್ ಬಡ್ಡಿಯೇ ಅಲ್ವಾ? ಅದಕ್ಕೆ ‘ಮೀಟರ್ ಬಡ್ಡಿ’ ಅಂತಲೇ ಬರೆಯಿರಿ. ಇಲ್ಲೂ ರೇಷ್ಮೆ ಗೂಡಿನ ಮಾರ್ಕೆಟ್ ಕಡೆ ಎಲ್ಲರಿಗೂ ಗೊತ್ತಿರೋ ಪದ.

ಕೋಲಾರದಿಂದ

ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಆ ಪದ ಬೇಡ. ಬಡ್ಡಿ ಬೀಳುವುದು ನೀವಿಟ್ಟ ನೂರರ ಮೇಲಲ್ಲ, ಅದರ ಬೆನ್ನಿಗಿರುವ ಹತ್ತು ಸಾವಿರದ ಮೇಲೆ. ಆ ಕಡೆಯಿಂದ ನೋಡಿದರೆ ವರ್ಷಕ್ಕೆ ಶೇಕಡಾ ಆರು ಚಿಲ್ಲರೆ, ನಮ್ಮ ಸೊಸೈಟಿಯ ಚಿನ್ನದ ಸಾಲಕ್ಕಿಂತ ಜಾಸ್ತಿಯೇನಲ್ಲ. ನೂರು ಪಟ್ಟು ಸಾಲ ಎತ್ತಿದ್ದರಿಂದ ನಿಮ್ಮ ನೂರಕ್ಕೆ ಅದು ಮೀಟರ್ ಬಡ್ಡಿಯ ಹಾಗೆ ಕಚ್ಚಿತು. ಎರಡು ತಿಂಗಳಿಗೆ ಅಡವಿನಷ್ಟೇ ಹಣ ಬಡ್ಡಿಗೆ ಹೋಗಿಬಿಡುತ್ತದೆ, ಬೆಲೆ ಒಂದು ಚೂರೂ ಅಲುಗದಿದ್ದರೂ.

ಇನ್ನೊಂದು ಮಾತು, ಇದನ್ನು ನೇರವಾಗಿಯೇ ಹೇಳುತ್ತೇನೆ. ಇಲ್ಲಿ ವಾಸ ಇರುವವರು ಇಂಥ ವ್ಯವಹಾರವನ್ನು ರಿಸರ್ವ್ ಬ್ಯಾಂಕ್ ಒಪ್ಪಿದ ಕಡೆ ಮಾತ್ರ ಮಾಡಬಹುದು, ಅಂದರೆ ಎನ್‌ಎಸ್‌ಇ, ಬಿಎಸ್‌ಇಯಂಥ ಎಕ್ಸ್‌ಚೇಂಜುಗಳಲ್ಲಿ, ಅಲ್ಲಿನ ನಿಯಮದಂತೆ. ಅನುಮತಿ ಇಲ್ಲದ ಆ್ಯಪ್‌ಗಳಲ್ಲಿ ಮಾಡಿದರೆ ಫೆಮಾ ಕಾಯ್ದೆಯ ಕೆಳಗೆ ತಪ್ಪಾಗುತ್ತದೆ. ಅಂಥವುಗಳ ಹೆಸರಿನ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರಿಂದ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತಿದೆ. ದಯವಿಟ್ಟು ಒಮ್ಮೆ ನೋಡಿ.

ಮಂಡಿಪೇಟೆಯಿಂದ

ಬಾಡಿಗೆಯನ್ನು ವಾಪಸ್ ತಗೊಂಡೆ. ಆದರೆ ‘ರಾತ್ರಿ ಬಡ್ಡಿ’ಗೂ ನನ್ನ ತಕರಾರಿದೆ. ಬುಧವಾರ ಒಂದೇ ರಾತ್ರಿಗೆ ಮೂರು ದಿನದ್ದು ಬೀಳೋದಾದ್ರೆ ಅದು ರಾತ್ರಿಯ ಲೆಕ್ಕ ಹೇಗಾಯ್ತು? ‘ದಿನಬಡ್ಡಿ’ ಅನ್ನಿ. ಇನ್ನು ಬಡ್ಡಿ ಅನ್ನೋ ಪದಕ್ಕೇ ದುಬೈನಲ್ಲಿ ಒಪ್ಪಿಗೆ ಇರುತ್ತಾ?

ಕೋಲಾರದಿಂದ

ಒಳ್ಳೇ ಪ್ರಶ್ನೆ ಮೇಡಂ. ಬಡ್ಡಿ ಕೂಡದು ಅನ್ನುವ ಮುಸ್ಲಿಂ ಗ್ರಾಹಕರಿಗೆಂದೇ ಎಷ್ಟೋ ಬ್ರೋಕರುಗಳು ಸ್ವಾಪ್ ಇಲ್ಲದ ಖಾತೆ ಕೊಡುತ್ತಾರೆ. ಸ್ವಾಪ್ ಅಂದರೆ ಬಡ್ಡಿ ಅಂತ ಅವರೇ ಒಪ್ಪಿಕೊಂಡ ಹಾಗಾಯಿತಲ್ಲ. ಅಂಥ ಖಾತೆಗಳಲ್ಲೂ ಕೆಲವು ಕಡೆ ಇಷ್ಟು ದಿನ ದಾಟಿದ ಮೇಲೆ ‘ನಿರ್ವಹಣಾ ಶುಲ್ಕ’ ಅಂತ ಹಾಕುತ್ತಾರೆ. ಅದನ್ನು ಓದದೆ ಸಹಿ ಹಾಕಬಾರದು.

ನನ್ನನ್ನು ಕೇಳಿದರೆ ‘ತೀರುವಳಿ ಮುಂದೂಡಿದ ಬಡ್ಡಿ’ ಅನ್ನುತ್ತೇನೆ. ಉದ್ದ ಜಾಸ್ತಿ, ಗೊತ್ತು.

ತುಮಕೂರಿನಿಂದ, ಪ್ರಶ್ನೆ ಕೇಳಿದವನು

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ಅಂಗಡಿಯಲ್ಲೇ ಕೂತು ಅಪ್ಪನಿಗೆ ವಿವರಿಸಿದೆ. ಅವರಿಗೆ ಹಿಡಿಸಿದ ಹೋಲಿಕೆ ಇಲ್ಲಿ ಯಾರೂ ಹೇಳಿರಲಿಲ್ಲ. “ಸೊಸೈಟಿಯಲ್ಲಿ ಒಡವೆ ಇಟ್ಟು, ಬಿಡಿಸೋಕಾಗ್ದೆ ಬಡ್ಡಿ ಕಟ್ಟಿ ರಿನ್ಯೂ ಮಾಡಿಸ್ತೀವಲ್ಲ, ಅದನ್ನ ಇವನು ದಿನಾ ಮಾಡಿಸಿದ್ದಾನೆ” ಅಂದರು. ಆಮೇಲೆ ಮಗನಿಗೆ ಫೋನ್ ಹಚ್ಚಿ, “ಇಪ್ಪತ್ತು ಸಾವಿರ ಡಾಲರ್ ಸಾಲ ಮಾಡಿದ್ಯಂತಲ್ಲೋ” ಅಂತ ಕೇಳಿದರು. ಆ ಕಡೆಯಿಂದ ತುಂಬಾ ಹೊತ್ತು ಮಾತು ಬರಲಿಲ್ಲ.

ಸದ್ಯಕ್ಕೆ ಕಾಲಂನ ತಲೆಗೆ ‘ಸ್ವಾಪ್’ ಅಂತಲೇ ಬಿಟ್ಟು, ಕೆಳಗೆ ‘ಮುಂದೂಡಿದ್ದಕ್ಕೆ ದಿನಬಡ್ಡಿ’ ಅಂತ ಬರೆದಿದ್ದೇನೆ. ಗುರುವಾರದ ಸಾಲುಗಳ ಪಕ್ಕ ‘ಬುಧವಾರದ್ದು, ಮೂರು ದಿನಕ್ಕೆ’ ಅಂತ ಹಾಕಿದೆ. ಉಳಿದಿರೋದು ಜಮಾ ಆಗುವ ಸ್ವಾಪ್. ಸಾಲ ತಂದವನಿಗೇ ಬಡ್ಡಿ ಬರುವಾಗ ಅದನ್ನೂ ‘ದಿನಬಡ್ಡಿ’ ಅಂದರೆ ಓದುವವರಿಗೆ ಗೊಂದಲ ಆಗುತ್ತೆ. ‘ಬಡ್ಡಿ ವ್ಯತ್ಯಾಸ’ ಅಂದರೆ ಎರಡಕ್ಕೂ ಹೊಂದುತ್ತೆ, ಆದರೆ ಸಾಲದ ವಾಸನೆ ಮತ್ತೆ ಮರೆಯಾಗುತ್ತೆ. ಯಾರಿಗಾದರೂ ಪದ ಹೊಳೆದರೆ ತಿಳಿಸಿ.