ಚಿತ್ರ ನೋಡಿದ್ರೆ ಸರಿ ಅನ್ಸುತ್ತೆ, ಉತ್ತರ ಮಾತ್ರ ತಪ್ಪು. ಹೇಗೆ ತಿದ್ದೋದು?

ಪ್ರಶ್ನೆ (ತಾಯಿ): ಮಗಳು 5ನೇ ಕ್ಲಾಸು. ತಟ್ಟೇಲಿ 24 ಲಡ್ಡು, 1/3 ಅಜ್ಜಿಗೆ, ಉಳಿದಿದ್ರಲ್ಲಿ 1/4 ಪಕ್ಕದ ಮನೆಗೆ, ಎಷ್ಟು ಉಳೀತು ಅಂತ ಲೆಕ್ಕ. ಅವ್ಳು 24 ಸೊನ್ನೆ ಬರೆದು ಇಂಟು ಹಾಕಿ 10 ಅಂದಿದಾಳೆ, ಉತ್ತರ 12. ಇನ್ನೊಂದ್ರಲ್ಲಿ 30 ಮಕ್ಕಳು, ಹುಡುಗ್ರು ಹುಡುಗೀರು 2:3, 12 ಮತ್ತೆ 18 ಅಂತ ಸರಿಯಾಗೇ ಬರೆದಿದಾಳೆ ಆದ್ರೆ ಭಾಗ ತೋರಿಸೋಕೆ ಬರೆದ ಡಬ್ಬಿಗಳು ಒಂದು ದೊಡ್ಡದು ಒಂದು ಚಿಕ್ಕದು. ಯಾವುದನ್ನ ತಿದ್ದಲಿ?

ಟೀಚರ್: ಮೇಡಂ, ಮೊದಲು ಇಂಟು ಎಣಿಸಿ. 8 ಆದ್ಮೇಲೆ ಇನ್ನೊಂದು 6 ಇರುತ್ತೆ ನೋಡಿ, ಅಂದ್ರೆ 24ರಲ್ಲೇ ಕಾಲು ಭಾಗ ತಗೊಂಡಿದಾಳೆ. ಭಾಗ ಮಾಡೋಕೆ ಬರುತ್ತೆ, ಇಂಟು ಹಾಕಿದ್ರೂ ಆ 8 ಸೊನ್ನೆ ಹಾಳೆ ಮೇಲೇ ಇರೋದ್ರಿಂದ ಮಗು ಕಣ್ಣಿಗೆ ಇನ್ನೂ 24 ಕಾಣ್ತಿರುತ್ತೆ. ತಪ್ಪು ಅನ್ನಬೇಡಿ, "ಪಕ್ಕದ ಮನೆಗೆ ಕೊಡೋವಾಗ ತಟ್ಟೇಲಿ ಎಷ್ಟಿತ್ತು?" ಅಂತ ಕೇಳಿ, 16 ಅಂತಾಳೆ, ಆ 16ರ ಸುತ್ತ ಪೆನ್ಸಿಲಲ್ಲಿ ಒಂದು ಗೆರೆ ಹಾಕಿಸಿ ಅದ್ರೊಳಗೇ ಕಾಲು ಭಾಗ ತೆಗೆಸಿ. 4 ಹೋಗಿ 12 ಉಳಿಯುತ್ತೆ. ಉತ್ತರ 4 ಅಂತ ಬರೆದಿದ್ರೆ ಕಥೆ ಬೇರೆ, ಲೆಕ್ಕ ಸರಿ ಮಾಡಿ ಕೇಳಿದ್ದನ್ನ ಮರೆತಿರ್ತಾರೆ.

ಒಬ್ಬ ತಂದೆ: ಡಬ್ಬಿ ಸಮ ಇರಲೇಬೇಕು ಮೇಡಂ, ಚೌಕಳಿ ಪುಸ್ತಕದಲ್ಲಿ ಸ್ಕೇಲ್ ಇಟ್ಟು ಬರೆಸಿ. ಇಲ್ಲಾಂದ್ರೆ ಭಿನ್ನರಾಶಿ ತಲೆಗೇ ಹತ್ತಲ್ಲ.

ಟೀಚರ್: ಅರ್ಧ ಒಪ್ತೀನಿ ಸರ್. ರೊಟ್ಟಿ ಬರೆದು 1/3 ತೋರ್ಸು ಅಂದಾಗ ಭಾಗಗಳು ಸಮ ಇರಲೇಬೇಕು, ಅಲ್ಲಿ ಚಿತ್ರವೇ ಉತ್ತರ. 2:3 ಲೆಕ್ಕದಲ್ಲಿ ಐದು ಡಬ್ಬಿ ಇದೆಯಾ, ಪ್ರತಿ ಡಬ್ಬಿಯೊಳಗೂ 6 ಅಂತ ಬರೆದಿದಾಳಾ ಅಷ್ಟು ನೋಡಿ. ಬರೆದಿದ್ರೆ ಬಿಟ್ಬಿಡಿ, ಕೈ ಓರೆ ಹೋಗಿರೋದಷ್ಟೆ. ದೊಡ್ಡ ಡಬ್ಬಿಗೆ 8, ಚಿಕ್ಕದಕ್ಕೆ 4 ಅಂತೇನಾದ್ರೂ ಇದ್ರೆ ಮಾತ್ರ ಕೂರಿಸಿಕೊಂಡು ಮಾತಾಡಿ.

ಒಬ್ಬ ಅಮ್ಮ: ನಮ್ಮೋನು ಇದೇ 2:3ಗೆ ಮೂರು ಡಬ್ಬಿ ಬರೆದು ಎರಡಕ್ಕೆ ಬಣ್ಣ ಹಾಕಿ ಹುಡುಗ್ರು 20 ಅಂದ. ಡಬ್ಬಿ ಎಲ್ಲಾ ಸಮ ಇತ್ತು, ಹಂಗಾದ್ರೆ ಸರಿ ತಾನೇ?

ಟೀಚರ್: ಇಲ್ಲ ಅಕ್ಕ, ಅವ್ನು 2:3ನ 2/3 ಅಂತ ಓದ್ಕೊಂಡಿದಾನೆ. "ಹುಡುಗೀರ ಡಬ್ಬಿ ತೋರ್ಸಪ್ಪ" ಅನ್ನಿ. ಬಣ್ಣ ಇಲ್ಲದ ಒಂದೇ ಡಬ್ಬಿ ತೋರಿಸ್ತಾನೆ, ಲೆಕ್ಕದಲ್ಲಿ ಹುಡುಗೀರಿಗೆ 3 ಇದೆ ಅಲ್ವಾ ಅಂದ್ರೆ ಅವ್ನೇ ತಡವರಿಸ್ತಾನೆ. ಆಮೇಲೆ ಹುಡುಗರದ್ದು ಒಂದು ಸಾಲು, ಹುಡುಗೀರದ್ದು ಅದರ ಕೆಳಗೆ ಇನ್ನೊಂದು ಸಾಲು ಬರೆಸಿ.

ತಾಯಿ: ಇಂಟು ಎಣಿಸಿದೆ ಸರ್, ಎರಡನೇ ಸಲ 6ನೇ ಇದೆ. ಗೆರೆ ಹಾಕ್ಸಿದ ಮೇಲೆ 12 ಬಂತು. ನಾನು ಹೇಳ್ಕೊಟ್ಟಿದ್ದಕ್ಕೆ ಬಂತೋ ಅರ್ಥ ಆಗಿ ಬಂತೋ ಗೊತ್ತಾಗ್ತಿಲ್ಲ.

ಟೀಚರ್: ನಾಳೆ 20 ಲಡ್ಡು ಕೊಡಿ, 1/4 ಅಜ್ಜಿಗೆ, ಉಳಿದಿದ್ರಲ್ಲಿ 1/5 ಪಕ್ಕದ ಮನೆಗೆ. ನೀವು ಏನೂ ಹೇಳಬೇಡಿ. 12 ಬಂದ್ರೆ ಅರ್ಥ ಆಗಿದೆ, 11 ಬಂದ್ರೆ ಹಳೇ ತಪ್ಪೇ.

ತಾಯಿ: ಸರಿ ಸರ್. ಸ್ಕೂಲಲ್ಲಿ ಚಿತ್ರಕ್ಕೆ ಮಾರ್ಕ್ಸ್ ಕೊಡ್ತಾರಾ?

ಟೀಚರ್: ನಾನು ಕೊಡ್ತೀನಿ. ನಿಮ್ಮ ಕ್ಲಾಸ್ ಟೀಚರನ್ನೇ ಕೇಳ್ಬೇಕು.