ಅಪ್‌ಡೇಟ್: ಸೀರೆ ಬದಲಿಸಿದಾಗ ಮುಖ ಎಷ್ಟು ಬದಲಾಯಿತು?

ನಾನು ಕೇಳಿದ್ದು: "ಮಾಡೆಲ್ ಫೋಟೋಗೆ ಎಐನಲ್ಲಿ ಬೇರೆ ಬೇರೆ ಮೈಸೂರು ರೇಷ್ಮೆ ಸೀರೆ ಉಡಿಸಿದರೆ ಮುಖವೂ ಬದಲಾಗುತ್ತಿದೆ. ಕಣ್ಣಂದಾಜು ಬಿಟ್ಟು ಅಳೆಯುವುದು ಹೇಗೆ?"

ಮುಖ ಗುರುತಿಸುವ ಇನ್‌ಸೈಟ್‌ಫೇಸ್ ಲೈಬ್ರರಿಯಲ್ಲಿ ಮುಖದ ಎಂಬೆಡಿಂಗ್, ಅಂದರೆ ಮುಖದ ಲಕ್ಷಣ ಹಿಡಿದಿಡುವ ಸಂಖ್ಯೆಗಳ ಸಾಲು ತೆಗೆದು, ಅದೇ ಮೂಲ ಫೋಟೋ ಜೊತೆ ಕೊಸೈನ್ ಹೋಲಿಕೆ ನೋಡಿ ಅಂದವರ ಸಲಹೆ ಕೆಲಸ ಮಾಡಿತು. ಅಂಕ 1ಕ್ಕೆ ಹತ್ತಿರವಾದಷ್ಟೂ ಮುಖ ಮೂಲದಂತೆಯೇ ಇದೆ ಎಂದರ್ಥ. ಇಡೀ ಚಿತ್ರದ ಪಿಕ್ಸೆಲ್ ಹೋಲಿಕೆ ಆಗಲಿಲ್ಲ. ಸೀರೆ ಬದಲಾದ್ದಕ್ಕೇ ಅಂಕ ಬಿದ್ದುಹೋಗುತ್ತಿತ್ತು.

ಸೊಂಟದವರೆಗಿನ ಫೋಟೋಗಳಿಗೆ 0.9ರ ಆಸುಪಾಸು ಬಂತು, ಪೂರ್ತಿ ನಿಂತ ಫೋಟೋಗಳಿಗೆ 0.6. ಆಶ್ಚರ್ಯ ಅಂದರೆ, ಪೂರ್ತಿ ನಿಂತ ಫೋಟೋಗಳಲ್ಲಿ ಸೀರೆ ಮುಟ್ಟದೆ ಹಿನ್ನೆಲೆ ಬಣ್ಣ ಮಾತ್ರ ಬದಲಿಸಿದರೂ ಅಂಕ ಅಷ್ಟೇ ಇಳಿಯಿತು! ತಪ್ಪು ಸೀರೆಯದಲ್ಲ. ಮುಖ ಚಿಕ್ಕದಿದ್ದಾಗ ಎಡಿಟ್ ಮಾಡುವ ಎಐ ಅದನ್ನು ಹೊಸದಾಗಿ ಬರೆಯುತ್ತದೆ. ಹತ್ತಿರದಿಂದ ಕ್ರಾಪ್ ಮಾಡಿ ಎಡಿಟ್ ಮಾಡಿದ ಮೇಲೆ ಸರಿಹೋಯಿತು.

ಒಂದು ಎಚ್ಚರಿಕೆ: ಗಲ್ಲದ ಮಚ್ಚೆ ಮಾಯವಾದರೂ ಅಂಕ ಚೆನ್ನಾಗಿಯೇ ಇತ್ತು. ಅದನ್ನು ಕಣ್ಣಲ್ಲೇ ನೋಡಬೇಕು.