ದಣಪೆಯಿಂದ ಅಂಗಳದವರೆಗೆ: ಜಲ್ಲಿ ಎಷ್ಟು ಟನ್ ತರಿಸಬೇಕು?

ಶಿರಸಿ ಕಡೆಯ ಮನೆಯವರು ಕೇಳಿದ್ದು: ದಣಪೆಯಿಂದ ಅಂಗಳಕ್ಕೆ 60 ಅಡಿ ಉದ್ದ, 10 ಅಡಿ ಅಗಲದ ದಾರಿ. ರೋಲರ್ ಹೊಡೆದ ಮೇಲೆ 6 ಇಂಚು ಉಳಿಯುವಂತೆ ಕ್ರಷರ್ ಮಿಕ್ಸ್ ಹಾಸಬೇಕು. ಟಿಪ್ಪರಿನವರು 13.5 ಟನ್ ಸಾಕು ಎನ್ನುತ್ತಾರೆ, ನಮ್ಮ ಭಾವ 24 ಟನ್ ಬೇಕು ಎನ್ನುತ್ತಾರೆ. ಯಾರನ್ನು ನಂಬಲಿ?

ಕುಮಟಾದ ಗುತ್ತಿಗೆದಾರರು: ಟಿಪ್ಪರಿನವರ ಲೆಕ್ಕವೇ ಸರಿ. 600 ಚದರ ಅಡಿಗೆ ಅರ್ಧ ಅಡಿ ಎಂದರೆ 300 ಘನ ಅಡಿ, ಅಂದರೆ ಮೂರು ಬ್ರಾಸ್. ಬ್ರಾಸಿಗೆ ನಾಲ್ಕೂವರೆ ಟನ್. ನಾನು ಇಪ್ಪತ್ತು ವರ್ಷದಿಂದ ಹೀಗೆಯೇ ತರಿಸುತ್ತಿದ್ದೇನೆ.

ಕಾರವಾರದಿಂದ, ರಸ್ತೆ ಕಾಮಗಾರಿಯಲ್ಲಿದ್ದು ನಿವೃತ್ತರಾದವರು: ಬ್ರಾಸಿಗೆ ನಾಲ್ಕೂವರೆ ಟನ್ ಎಂಬುದು ಸರಿ, ಆದರೆ ಅದು ಟಿಪ್ಪರಿನಲ್ಲಿ ಸಡಿಲವಾಗಿ ಬಿದ್ದಿರುವ ಮಾಲಿನ ತೂಕ. ಘನ ಅಡಿಗೆ ಸುಮಾರು 45 ಕಿಲೋ. ಅದೇ ಮಾಲನ್ನು ನೀರು ಹಾಕಿ ಗಟ್ಟಿಯಾಗಿ ಕೂರಿಸಿದರೆ ಘನ ಅಡಿಗೆ 60 ಕಿಲೋದ ಆಸುಪಾಸಿಗೆ ಬರುತ್ತದೆ. ನಿಮಗೆ ಬೇಕಾದ 300 ಘನ ಅಡಿ ಕೂತ ಮೇಲಿನ ಅಳತೆ. ಹಾಗಾಗಿ 300 ಗುಣಿಸು 60, ಅಂದರೆ 18 ಟನ್. 13.5 ಟನ್ ತರಿಸಿದರೆ ರೋಲರ್ ಹೋದ ಮೇಲೆ ನಾಲ್ಕೂವರೆ ಇಂಚು ಮಾತ್ರ ಉಳಿಯುತ್ತದೆ. ಅದು ಅಂದು ಯಾರಿಗೂ ಕಾಣುವುದಿಲ್ಲ, ಜುಲೈಯಲ್ಲಿ ಚಕ್ರದ ಗೆರೆ ಬಿದ್ದಾಗ ಕಾಣುತ್ತದೆ.

ನಿಮ್ಮ ಭಾವನವರ ತಪ್ಪು ಇದಕ್ಕೆ ತಿರುಗುಮುರುಗು. ಕುಗ್ಗುತ್ತದೆ ಎಂದು ಅವರು ಮೊದಲು 300 ಅನ್ನು 400 ಮಾಡಿದ್ದಾರೆ. ಅದು ಸರಿಯೇ, ಸಡಿಲ ಮಾಲು ನಾಲ್ಕು ಬ್ರಾಸ್ ಬೇಕು. ಆದರೆ ಆ ಸಡಿಲ 400ಕ್ಕೆ ಕೂತ ಮಾಲಿನ 60 ಕಿಲೋ ಹಚ್ಚಿ 24 ಟನ್ ಮಾಡಿದ್ದಾರೆ. ಕುಗ್ಗುವಿಕೆ ಎರಡು ಸಲ ಲೆಕ್ಕಕ್ಕೆ ಬಂತು. 400 ಗುಣಿಸು 45 ಮಾಡಿ ನೋಡಿ, ಮತ್ತೆ 18 ಟನ್ನೇ ಸಿಗುತ್ತದೆ.

ಅಂಕೋಲಾದಿಂದ: ನಮ್ಮ ಮನೆ ದಾರಿಗೆ ಹೊಳೆ ಮರಳನ್ನೇ ತುಂಬಿದ್ದೆವು. ಮೊದಲ ಮಳೆಗಾಲಕ್ಕೇ ಅರ್ಧ ಗಟಾರಕ್ಕೆ ಹೋಯಿತು. ಮರಳಿನ ಲೆಕ್ಕವೂ ಹೀಗೆಯೇ ಏನು?

ಕಾರವಾರದವರು: ಅಲ್ಲ, ಅವರು ಕೇಳಿದ್ದು ಕ್ರಷರ್ ಮಿಕ್ಸ್. ಆದರೂ ಹೇಳಿಬಿಡುತ್ತೇನೆ. ಸ್ವಲ್ಪ ಒದ್ದೆಯಾದ ಮರಳು ಉಬ್ಬಿಕೊಳ್ಳುತ್ತದೆ. ಕಾಲು ಭಾಗದಷ್ಟು ಹೆಚ್ಚಾಗಿ ಕಂಡರೂ ಆಶ್ಚರ್ಯವಿಲ್ಲ. ಅದನ್ನು ಬ್ರಾಸಿನಲ್ಲಿ ಕೊಂಡರೆ ಗಾಳಿಗೂ ದುಡ್ಡು ಕೊಟ್ಟಂತೆ. ಇಂಟರ್‌ಲಾಕ್ ಕೆಳಗೆ ಒಂದೂವರೆ ಇಂಚು ಹಾಸುವುದಕ್ಕೆ ಮರಳು ಸರಿ, ತಳಕ್ಕೆ ಬೇಡ.

ಕೇಳಿದವರು: ಹಾಗಾದರೆ 18 ಟನ್ ಎಂದು ಹೇಳಿಬಿಡಲೇ? ನಮ್ಮ ಕ್ರಷರಿನ ಮಾಲು 45 ಕಿಲೋವೇ ತೂಗುತ್ತದೆಂದು ಹೇಗೆ ಗೊತ್ತಾಗಬೇಕು?

ಕಾರವಾರದವರು: 20 ಲೀಟರಿನ ಪೇಂಟ್ ಡಬ್ಬಿಯನ್ನು ಒತ್ತದೆ ತುಂಬಿ, ಅಂಚಿಗೆ ಸಮ ಮಾಡಿ ತೂಗಿ. ಡಬ್ಬಿಯ ತೂಕ ಕಳೆದು 32 ಕಿಲೋ ಹತ್ತಿರ ಬಂದರೆ ನನ್ನ ಲೆಕ್ಕ ನಿಮಗೂ ಸಲ್ಲುತ್ತದೆ. ಬರೀ 40 ಎಂಎಂ ಜಲ್ಲಿ, ಪುಡಿಯಿಲ್ಲದ್ದು ಬಂದರೆ ಅದು ಇಷ್ಟು ಕುಗ್ಗುವುದಿಲ್ಲ, ಬಿಗಿಯಾಗಿ ಕೂರುವುದೂ ಇಲ್ಲ.

ಇನ್ನೊಂದು. ಹತ್ತು ಅಡಿ ದಾರಿಗೆ ತಳವನ್ನು ಹತ್ತೇ ಅಡಿಗೆ ನಿಲ್ಲಿಸಿದರೆ ಅಂಚು ಕುಸಿಯುತ್ತದೆ. ಎರಡೂ ಬದಿಗೆ ಅರ್ಧರ್ಧ ಅಡಿ ಹೆಚ್ಚು ಹಾಸಿ. ಆಗ 660 ಚದರ ಅಡಿ, 330 ಘನ ಅಡಿ, ಹತ್ತಿರ ಹತ್ತಿರ 20 ಟನ್. ಮೊದಲು 10 ಟನ್ ತರಿಸಿ ಪೂರ್ತಿ ಉದ್ದಕ್ಕೆ ನಾಲ್ಕು ಇಂಚು ಸಡಿಲವಾಗಿ ಹರಡಿ ಕುಟ್ಟಿಸಿ. ಮೂರು ಇಂಚು ನಿಂತಿತೇ ಎಂದು ನಾಲ್ಕೈದು ಕಡೆ ದಾರ ಕಟ್ಟಿ ಅಳೆಯಿರಿ, ಅದನ್ನು ನೋಡಿಯೇ ಎರಡನೆಯ ಲೋಡಿಗೆ ಹೇಳಿ. ಆರೂ ಇಂಚನ್ನು ಒಮ್ಮೆಲೇ ಸುರಿದು ಸಣ್ಣ ಕಂಪಾಕ್ಟರ್ ಓಡಿಸಿದರೆ ಮೇಲೆ ಗಟ್ಟಿ, ಕೆಳಗೆ ಪೊಳ್ಳು.

ಕುಮಟಾದ ಗುತ್ತಿಗೆದಾರರು: ಬ್ರಾಸ್ ಲೆಕ್ಕದಲ್ಲಿ ಕೊಟ್ಟರೆ ಗಿರಾಕಿಗೂ ಕಣ್ಣಿಗೆ ಕಾಣುತ್ತದೆ, ಟೇಪು ಹಿಡಿದರೆ ಮುಗಿಯಿತು. ತೂಕದಲ್ಲಿ ನೀರೂ ಸೇರುತ್ತದೆ ಸ್ವಾಮಿ.

ಕಾರವಾರದವರು: ಅದು ನಿಜ. ನೂರಕ್ಕೆ ಆರು ಪಾಲು ತೇವ ಸೇರಿದರೆ 18 ಟನ್ನಿನಲ್ಲಿ ಒಂದು ಟನ್ ನೀರೇ. ಆದ್ದರಿಂದ ಮಳೆಗೆ ಮೊದಲೇ ತರಿಸಿ, ತೂಕದ ಚೀಟಿ ಇಟ್ಟುಕೊಳ್ಳಿ. ಟೇಪಿಗೂ ಒಂದು ತಕರಾರಿದೆ: ಘಟ್ಟದ ದಾರಿಯಲ್ಲಿ ಕುಲುಕಿ ಮಾಲು ಟಿಪ್ಪರಿನಲ್ಲೇ ಕೂತಿರುತ್ತದೆ, ಕ್ರಷರಿನ ಅಳತೆಯೂ ಮನೆಯ ಅಳತೆಯೂ ಒಂದಾಗುವುದಿಲ್ಲ.

ಸಿದ್ದಾಪುರದಿಂದ: ನಮ್ಮಲ್ಲಿ ಅಡಿಕೆ ಲಾರಿ ಬರುತ್ತದೆ, ಆರು ಇಂಚು ಸಾಲಲಿಲ್ಲ. ದಾರಿಯ ಒಂದು ತುದಿ ಹಳೆಯ ಗದ್ದೆ, ಅಲ್ಲಿ ಜಲ್ಲಿಯನ್ನು ಮಣ್ಣೇ ನುಂಗಿತು. ಮತ್ತೆ ಎರಡು ಬ್ರಾಸ್ ಹಾಕಿದೆವು.

ಕಾರವಾರದವರು: ಗದ್ದೆಯ ಮಣ್ಣಿಗೆ ನನ್ನ ಈ ಲೆಕ್ಕ ನಿಲ್ಲುವುದಿಲ್ಲ. ಅಲ್ಲಿ ಮೊದಲು ಮೆತ್ತನೆಯ ಮಣ್ಣು ತೆಗೆಯಬೇಕು ಅಥವಾ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಬೇಕು. ಶಿರಸಿಯವರದು ಚಿರೆಕಲ್ಲಿನ ನೆಲವೇ?

ಕೇಳಿದವರು: ಮುಕ್ಕಾಲು ಚಿರೆ. ದಣಪೆ ಹತ್ತಿರ ಹದಿನೈದು ಅಡಿ ಮೆತ್ತಗಿದೆ. ನಾಳೆ ಗುದ್ದಲಿ ಹಾಕಿ ನೋಡುತ್ತೇನೆ.